10,000 ಎಂಎಎಚ್ ಪವರ್ ಬ್ಯಾಂಕ್ ಮತ್ತು 65 ವ್ಯಾಟ್ ಚಾರ್ಜರ್: ಪೂರ್ಣ ವಿವರ

ಪವರ್ ಬ್ಯಾಂಕ್, 10,000 ಎಂಎಎಚ್, 37 ವ್ಯಾಟ್-ಅವರ್; 5 ವೋಲ್ಟ್‌ನಲ್ಲಿ ಹೊರಬರುವ ಸಾಮರ್ಥ್ಯ 6,300 ಎಂಎಎಚ್

ಈ ಪವರ್ ಬ್ಯಾಂಕಿನ ಹೆಸರಿನಲ್ಲಿ ಎರಡು ಸಾಮರ್ಥ್ಯಗಳಿವೆ, ಎರಡೂ ನಿಜ. ಒಳಗೆ ತಲಾ 5,000 ಎಂಎಎಚ್‌ನ ಎರಡು ಲಿಥಿಯಂ ಪಾಲಿಮರ್ ಸೆಲ್‌ಗಳನ್ನು ಸಮಾಂತರವಾಗಿ ಜೋಡಿಸಲಾಗಿದ್ದು, 10,000 ಎಂಬುದು ಆ ಸೆಲ್‌ಗಳ ಸಾಮರ್ಥ್ಯ. ಅದನ್ನು 3.7 ವೋಲ್ಟ್‌ನಲ್ಲಿ ಅಳೆಯುತ್ತಾರೆ. ನಿಮ್ಮ ಫೋನಿಗೆ ಹೋಗುವ ಕರೆಂಟ್ ಮಾತ್ರ 5 ಅಥವಾ 9 ವೋಲ್ಟ್‌ನದು. ವೋಲ್ಟೇಜನ್ನು ಏರಿಸಿದಾಗ ಎಂಎಎಚ್ ಸಂಖ್ಯೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಜೊತೆಗೆ ಏರಿಸುವ ಸರ್ಕಿಟ್ ಒಂದಿಷ್ಟನ್ನು ಶಾಖವಾಗಿ ಕಳೆಯುತ್ತದೆ. ಹಾಗಾಗಿ ನಿಮಗೆ ಸಿಗುವುದರ ಲೆಕ್ಕಕ್ಕೆ ಎರಡನೆಯ ಸಂಖ್ಯೆಯನ್ನೇ ನೋಡಿರಿ. ಬೇರೆ ಪವರ್ ಬ್ಯಾಂಕುಗಳೊಡನೆ ಹೋಲಿಸುವಾಗ ಎಂಎಎಚ್‌ಗಿಂತ ವ್ಯಾಟ್-ಅವರ್ ಅನ್ನು ನೋಡುವುದು ಇನ್ನೂ ಒಳ್ಳೆಯದು, ಏಕೆಂದರೆ ವೋಲ್ಟೇಜ್ ಬದಲಾದರೂ ಅದರ ಅರ್ಥ ಬದಲಾಗುವುದಿಲ್ಲ.

```
10 Ah × 3.7 V = 37 Wh
6.34 Ah × 5 V = 31.7 Wh
```

ಎರಡನೆಯ ಸಾಲಿನ 6.34 ನಾವೇ ಅಳೆದದ್ದು. ಈ ಬ್ಯಾಚಿನ ಸರಕಿನಿಂದ ಮೂರು ಪವರ್ ಬ್ಯಾಂಕುಗಳನ್ನು ತೆಗೆದು, ಪೂರ್ಣ ಚಾರ್ಜ್ ಮಾಡಿ, 5 ವೋಲ್ಟ್, 2 ಆಂಪಿಯರ್‌ನ ಸ್ಥಿರ ಲೋಡ್ ಕೊಟ್ಟು ತಾನಾಗಿ ಆಫ್ ಆಗುವವರೆಗೆ ಖಾಲಿ ಮಾಡಿದೆವು. ಬಂದ ಸಂಖ್ಯೆಗಳು 6,340, 6,290 ಮತ್ತು 6,410 ಎಂಎಎಚ್. ಪೆಟ್ಟಿಗೆಯ ಮೇಲೆ 6,300 ಎಂದು ಮುದ್ರಿಸಿದ್ದೇವೆ. 9 ವೋಲ್ಟ್, 2 ಆಂಪಿಯರ್‌ನಲ್ಲಿ ಅದೇ ಘಟಕಗಳಲ್ಲೊಂದು 3,420 ಎಂಎಎಚ್ ಕೊಟ್ಟಿತು. ಸಂಖ್ಯೆ ಅರ್ಧಕ್ಕೆ ಇಳಿದಂತೆ ಕಂಡರೂ ಶಕ್ತಿ ಇಳಿದಿರುವುದು ಸ್ವಲ್ಪವೇ: 31.7ರ ಬದಲು 30.8 ವ್ಯಾಟ್-ಅವರ್.

ಈ ವಿವರದ ಹಿಂದಿನ ಆವೃತ್ತಿಯಲ್ಲಿ ನಾವು "5,000 ಎಂಎಎಚ್ ಫೋನನ್ನು ಎರಡು ಸಲ ಚಾರ್ಜ್ ಮಾಡುತ್ತದೆ" ಎಂದು ಬರೆದಿದ್ದೆವು. ಅದು 10,000ವನ್ನು 5,000ದಿಂದ ಭಾಗಿಸಿ ಪಡೆದ ಉತ್ತರವಾಗಿತ್ತೇ ಹೊರತು ಯಾವ ಫೋನನ್ನೂ ಚಾರ್ಜ್ ಮಾಡಿ ನೋಡಿ ಬರೆದದ್ದಲ್ಲ. ಎರಡನೆಯ ಸಲ ಅರ್ಧಕ್ಕೂ ಮುಟ್ಟಲಿಲ್ಲವೆಂದು ಖರೀದಿದಾರರು ಬರೆದಾಗ ತಪ್ಪು ನಮ್ಮದೇ ಎಂದು ಒಪ್ಪಬೇಕಾಯಿತು. ಈಗ ಅಳೆದು ಬರೆಯುತ್ತಿದ್ದೇವೆ: ಸ್ವಿಚ್ ಆಫ್ ಮಾಡಿದ 5,000 ಎಂಎಎಚ್ ಫೋನನ್ನು ಸೊನ್ನೆಯಿಂದ ಒಂದು ಸಲ ಪೂರ್ತಿ ತುಂಬಿಸಿ, ಮತ್ತೆ ಖಾಲಿಯಾದ ಮೇಲೆ ಎರಡನೆಯ ಸಲ ಶೇಕಡಾ 38ರವರೆಗೆ ತುಂಬಿಸಿತು. ಫೋನಿನೊಳಗಿನ ಚಾರ್ಜಿಂಗ್ ಸರ್ಕಿಟ್ ಕೂಡ ತನ್ನ ಪಾಲಿನ ಶಾಖವನ್ನು ಕಳೆಯುತ್ತದೆಯಾದ್ದರಿಂದ 31 ವ್ಯಾಟ್-ಅವರ್ ಅಷ್ಟೂ ಬ್ಯಾಟರಿ ಸೇರುವುದಿಲ್ಲ. ಚಾರ್ಜ್ ಆಗುತ್ತಿರುವಾಗಲೇ ವಿಡಿಯೊ ನೋಡಿದರೆ ಇದಕ್ಕಿಂತ ಕಡಿಮೆ ಸಿಗುತ್ತದೆ.

ಔಟ್‌ಪುಟ್ ವಿಷಯ. ಟೈಪ್-ಸಿ ಪೋರ್ಟ್ ಒಂದೇ ಬಳಕೆಯಲ್ಲಿರುವಾಗ 5 ವೋಲ್ಟ್ 3 ಆಂಪಿಯರ್, 9 ವೋಲ್ಟ್ 2.22 ಆಂಪಿಯರ್ ಅಥವಾ 12 ವೋಲ್ಟ್ 1.67 ಆಂಪಿಯರ್, ಅಂದರೆ ಗರಿಷ್ಠ 20 ವ್ಯಾಟ್ ಕೊಡುತ್ತದೆ. ಟೈಪ್-ಎ ಪೋರ್ಟಿನ ಗರಿಷ್ಠ ಮಿತಿ 18 ವ್ಯಾಟ್. ಎರಡನ್ನೂ ಒಟ್ಟಿಗೆ ಬಳಸಿದಾಗ 20 ಮತ್ತು 18 ಸೇರಿ 38 ಆಗುವುದಿಲ್ಲ. ಎರಡೂ 5 ವೋಲ್ಟ್‌ಗೆ ಇಳಿದು ಒಟ್ಟು 15 ವ್ಯಾಟನ್ನು ಹಂಚಿಕೊಳ್ಳುತ್ತವೆ, ವೇಗದ ಚಾರ್ಜಿಂಗ್ ನಿಲ್ಲುತ್ತದೆ. ಫೋನ್ ಕೇಳಿದಂತೆ ವೋಲ್ಟೇಜನ್ನು ಸಣ್ಣ ಹಂತಗಳಲ್ಲಿ ಬದಲಿಸುವ ಪಿಪಿಎಸ್ ಸೌಲಭ್ಯ ಇದರಲ್ಲಿಲ್ಲ. ಆಯಾ ಕಂಪನಿಯ ಫೋನಿಗೆ ಮಾತ್ರ ಒಗ್ಗುವ 67 ಅಥವಾ 80 ವ್ಯಾಟ್‌ನಂಥ ಸ್ವಂತ ವೇಗದ ಚಾರ್ಜಿಂಗ್ ಪದ್ಧತಿಗಳೂ ಇಲ್ಲ. ಅಂಥ ಫೋನು ಇದರಿಂದ ಚಾರ್ಜ್ ಆಗುತ್ತದೆ, ಆದರೆ ನಿಧಾನವಾಗಿ. ಲ್ಯಾಪ್‌ಟಾಪ್‌ಗೆ ಇದನ್ನು ಕೊಳ್ಳಬೇಡಿ.

ಪವರ್ ಬ್ಯಾಂಕನ್ನೇ ತುಂಬಿಸಲು 18 ವ್ಯಾಟ್ ಚಾರ್ಜರ್‌ನಿಂದ ಸುಮಾರು ಮೂರೂವರೆ ಗಂಟೆ, 10 ವ್ಯಾಟ್ ಚಾರ್ಜರ್‌ನಿಂದ ಐದೂವರೆ ಗಂಟೆ ಬೇಕು. ನಾಲ್ಕು ದೀಪಗಳು ಸೆಲ್‌ನ ವೋಲ್ಟೇಜ್ ನೋಡಿ ಉರಿಯುವಂಥವು, ಆದ್ದರಿಂದ ಒಂದೊಂದು ದೀಪ ಸರಿಯಾಗಿ ಕಾಲು ಭಾಗವಲ್ಲ: ನಾವು ಅಳೆದಾಗ ಮೊದಲ ದೀಪ ಆರಲು 58 ನಿಮಿಷ ಹಿಡಿದರೆ ಕೊನೆಯದು 31 ನಿಮಿಷದಲ್ಲೇ ಆರಿತು. ಒಂದೇ ದೀಪ ಉಳಿದಾಗ ಅದನ್ನು ಬಹಳ ನೆಚ್ಚಿಕೊಳ್ಳಬೇಡಿ. ಇಯರ್‌ಬಡ್‌ನಂಥ ಅತಿ ಕಡಿಮೆ ಕರೆಂಟ್ ಎಳೆಯುವ ಸಾಧನವನ್ನು ಜೋಡಿಸಿದಾಗ, ಏನೂ ಜೋಡಿಸಿಲ್ಲವೆಂದು ಭಾವಿಸಿ ಪವರ್ ಬ್ಯಾಂಕ್ ಆಫ್ ಆಗಬಹುದು. ಬಟನ್ನನ್ನು ಎರಡು ಸಲ ಒತ್ತಿದರೆ ಎರಡು ಗಂಟೆ ಆನ್ ಆಗಿಯೇ ಇರುತ್ತದೆ.

ಸುರಕ್ಷತೆಯ ಬಗ್ಗೆ ಏನಿದೆ, ಏನಿಲ್ಲ ಎಂಬುದನ್ನು ಬೇರ್ಪಡಿಸಿ ಹೇಳಬೇಕು. ಸೆಲ್‌ಗಳಿಗೆ ಐಇಸಿ 62133-2 ಪ್ರಕಾರದ ಪರೀಕ್ಷಾ ವರದಿ ಇದೆ; ಹೊರಗಿನಿಂದ ಶಾರ್ಟ್ ಮಾಡುವುದು, ಬಿಸಿಗೆ ಒಡ್ಡುವುದು, ಜಜ್ಜುವುದು, ಬೀಳಿಸುವುದು ಮುಂತಾದ ಪರೀಕ್ಷೆಗಳು ಅದರಲ್ಲಿ ಸೇರಿವೆ. ಸಾಗಣೆಗೆ ಬೇಕಾದ ಯುಎನ್ 38.3 ಪರೀಕ್ಷೆಯ ಸಾರಾಂಶವೂ ಇದೆ. ಎರಡರ ಮೊದಲ ಪುಟವನ್ನೂ ಚಿತ್ರಗಳಲ್ಲಿ ಹಾಕಿದ್ದೇವೆ, ಅವುಗಳಲ್ಲಿರುವ ಮಾದರಿ ಸಂಖ್ಯೆಯನ್ನು ಸಾಧನದ ಕೆಳಬದಿಯ ಸಂಖ್ಯೆಯೊಂದಿಗೆ ತಾಳೆ ನೋಡಬಹುದು. ಕೆಳಬದಿಯಲ್ಲಿ ಸಿಇ ಗುರುತಿದೆ. ಅದು ಯುರೋಪಿನ ನಿಯಮಗಳಿಗೆ ಈ ವಸ್ತು ಅನುಗುಣವಾಗಿದೆ ಎಂದು ತಯಾರಕರೇ ಮಾಡಿಕೊಂಡ ಘೋಷಣೆ. ಹೊರಗಿನ ಪ್ರಯೋಗಾಲಯವೊಂದು ಕೊಟ್ಟ ಪ್ರಮಾಣಪತ್ರವೆಂದು ಅದನ್ನು ಓದಬಾರದು. ಅಡ್ಡಗೆರೆ ಎಳೆದ ಕಸದ ಡಬ್ಬಿಯ ಚಿತ್ರಕ್ಕೂ ಸುರಕ್ಷತೆಗೂ ಸಂಬಂಧವಿಲ್ಲ, ಮನೆಯ ಕಸದೊಂದಿಗೆ ಎಸೆಯಬಾರದು ಎಂದಷ್ಟೇ ಅದರ ಅರ್ಥ. ಅಮೆರಿಕದ ಸುರಕ್ಷತಾ ಪರೀಕ್ಷಾ ಸಂಸ್ಥೆಯಾದ ಯುಎಲ್‌ನ ಗುರುತು ಇದರ ಮೇಲಿಲ್ಲ, ಏಕೆಂದರೆ ಆ ಪರೀಕ್ಷೆಯನ್ನು ನಾವು ಮಾಡಿಸಿಲ್ಲ.

ವಿಮಾನ ಪ್ರಯಾಣದಲ್ಲಿ 100 ವ್ಯಾಟ್-ಅವರ್‌ವರೆಗಿನ ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಒಯ್ಯಲು ಸಾಮಾನ್ಯವಾಗಿ ಅನುಮತಿ ಇರುತ್ತದೆ. ಇದು 37 ವ್ಯಾಟ್-ಅವರ್‌ನದು, ಆ ಸಂಖ್ಯೆಯನ್ನು ಅಳಿಸಿಹೋಗದಂತೆ ಹೊರಕವಚದಲ್ಲೇ ಕೊರೆಯಲಾಗಿದೆ. ಲಗೇಜಿನಲ್ಲಿ ಹಾಕಿ ಕಳುಹಿಸುವಂತಿಲ್ಲ. ಹಾರಾಟದ ವೇಳೆ ಬಳಸಬಾರದೆಂದು ಕೆಲವು ಸಂಸ್ಥೆಗಳು ನಿಯಮ ಮಾಡಿವೆ, ಹೊರಡುವ ಮುಂಚೆ ನಿಮ್ಮ ವಿಮಾನ ಸಂಸ್ಥೆಯ ನಿಯಮ ನೋಡಿಕೊಳ್ಳಿ.

ಬಹುಕಾಲ ಎತ್ತಿಡುವುದಾದರೆ ಅರ್ಧದಷ್ಟು ಚಾರ್ಜ್ ಇರುವಂತೆ ಇಟ್ಟು, ಮೂರು ತಿಂಗಳಿಗೊಮ್ಮೆ ಮತ್ತೆ ಅಷ್ಟಕ್ಕೆ ತುಂಬಿಸಿ. ಸುಮಾರು 500 ಬಾರಿ ತುಂಬಿ ಖಾಲಿಯಾದ ಮೇಲೆ ಸಾಮರ್ಥ್ಯ ಮೂಲದ ಶೇಕಡಾ 80ಕ್ಕೆ ಇಳಿಯುತ್ತದೆ ಎಂದು ಸೆಲ್ ತಯಾರಕರ ದಾಖಲೆ ಹೇಳುತ್ತದೆ. ಇದನ್ನು ನಾವು ಪರೀಕ್ಷಿಸಿಲ್ಲ. ಕವಚ ಉಬ್ಬಿದರೆ, ಜೋಡು ಬಿಟ್ಟುಕೊಂಡರೆ ಅಥವಾ ಸಿಹಿಯಾದ ರಾಸಾಯನಿಕ ವಾಸನೆ ಬಂದರೆ ಚಾರ್ಜ್ ಮಾಡದೆ, ಚುಚ್ಚಿ ನೋಡದೆ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಬೇಕು.

ಚಾರ್ಜರ್, 65 ವ್ಯಾಟ್, ಎರಡು ಟೈಪ್-ಸಿ ಮತ್ತು ಒಂದು ಟೈಪ್-ಎ ಪೋರ್ಟ್

65 ವ್ಯಾಟ್ ಎಂಬುದು ಮೇಲಿನ ಟೈಪ್-ಸಿ ಪೋರ್ಟ್ ಒಂಟಿಯಾಗಿ ಬಳಕೆಯಲ್ಲಿದ್ದಾಗ ಸಿಗುವ ಔಟ್‌ಪುಟ್. ಅದು 5, 9, 12 ಮತ್ತು 15 ವೋಲ್ಟ್‌ಗಳಲ್ಲಿ 3 ಆಂಪಿಯರ್, 20 ವೋಲ್ಟ್‌ನಲ್ಲಿ 3.25 ಆಂಪಿಯರ್ ಕೊಡುತ್ತದೆ, ಪಿಪಿಎಸ್ 3.3ರಿಂದ 11 ವೋಲ್ಟ್‌ವರೆಗೆ, 3 ಆಂಪಿಯರ್. ಎರಡೂ ಟೈಪ್-ಸಿ ಬಳಸಿದರೆ ಮೇಲಿನದಕ್ಕೆ 45, ಕೆಳಗಿನದಕ್ಕೆ 20 ವ್ಯಾಟ್. ಮೂರನ್ನೂ ಬಳಸಿದರೆ ಮೇಲಿನದಕ್ಕೆ 45, ಉಳಿದೆರಡಕ್ಕೆ ಸೇರಿ 15. ಎರಡನೆಯ ಸಾಧನವನ್ನು ಜೋಡಿಸಿದ ಕ್ಷಣ, ಅಥವಾ ತೆಗೆದ ಕ್ಷಣ, ಶಕ್ತಿಯ ಹಂಚಿಕೆ ಹೊಸದಾಗಿ ನಡೆಯುವುದರಿಂದ ಮೊದಲಿನದರ ಚಾರ್ಜಿಂಗ್ ಒಂದೆರಡು ಸೆಕೆಂಡು ಕಡಿದು ಮತ್ತೆ ಶುರುವಾಗುತ್ತದೆ. ಇದು ದೋಷವಲ್ಲ. ಆದರೆ ಬ್ಯಾಟರಿ ಇಲ್ಲದ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಇದರಿಂದ ಕರೆಂಟ್ ಕೊಡುತ್ತಿದ್ದರೆ ಅದು ಆ ಹೊತ್ತಿನಲ್ಲಿ ರೀಸ್ಟಾರ್ಟ್ ಆಗುತ್ತದೆ ಎಂಬುದನ್ನು ತಿಳಿದುಕೊಂಡು ಖರೀದಿಸಿರಿ.

ಕೇಬಲ್ ಬಗ್ಗೆ ಒಂದು ಮಾತು. ಸಾಮಾನ್ಯ ಟೈಪ್-ಸಿ ಕೇಬಲ್‌ನ ಮಿತಿ 3 ಆಂಪಿಯರ್, ಅಂದರೆ 20 ವೋಲ್ಟ್‌ನಲ್ಲಿ 60 ವ್ಯಾಟ್. 3.25 ಆಂಪಿಯರ್ ಹರಿಯಬೇಕಾದರೆ ಕೇಬಲ್‌ನ ಸಾಮರ್ಥ್ಯವನ್ನು ಚಾರ್ಜರ್‌ಗೆ ತಿಳಿಸುವ ಇ-ಮಾರ್ಕರ್ ಚಿಪ್ ಒಳಗಿರುವ 5 ಆಂಪಿಯರ್ ಕೇಬಲ್ ಬೇಕು, ಇಲ್ಲವಾದರೆ ಚಾರ್ಜರ್ 60 ವ್ಯಾಟ್‌ಗೇ ನಿಲ್ಲುತ್ತದೆ. ಚಾರ್ಜರ್‌ಗೆ 65 ಎಂದು ಬರೆದು ಪೆಟ್ಟಿಗೆಯಲ್ಲಿ 60ರ ಕೇಬಲ್ ಇಡುವುದು ನಮಗೆ ಸರಿ ಕಾಣಲಿಲ್ಲವಾದ್ದರಿಂದ ಒಂದು ಮೀಟರ್ ಉದ್ದದ 5 ಆಂಪಿಯರ್ ಕೇಬಲನ್ನೇ ಕೊಡುತ್ತಿದ್ದೇವೆ. 100 ವ್ಯಾಟ್ ಬೇಡುವ ಲ್ಯಾಪ್‌ಟಾಪ್‌ಗಳು ಇದರಿಂದ ನಿಧಾನವಾಗಿ ಚಾರ್ಜ್ ಆಗುತ್ತವೆ; ಹೆಚ್ಚು ಕೆಲಸದ ವೇಳೆ ಚಾರ್ಜರ್ ಜೋಡಿಸಿದ್ದರೂ ಅವುಗಳ ಬ್ಯಾಟರಿ ಇಳಿಯಬಹುದು.

ಇನ್‌ಪುಟ್ 100ರಿಂದ 240 ವೋಲ್ಟ್ ಎಸಿ, 50 ಅಥವಾ 60 ಹರ್ಟ್ಸ್. 230 ವೋಲ್ಟ್‌ನಲ್ಲಿ ಪೂರ್ಣ 65 ವ್ಯಾಟ್ ಕೊಡುವಾಗ ಗೋಡೆಯ ಸಾಕೆಟ್‌ನಿಂದ 71 ವ್ಯಾಟ್ ಎಳೆಯಿತು. ಹೆಚ್ಚುವರಿ 6 ವ್ಯಾಟ್ ಅಷ್ಟೂ ಶಾಖವಾಗಿ ಹೋಗುತ್ತದೆ: 27 ಡಿಗ್ರಿ ಸೆಲ್ಸಿಯಸ್‌ನ ಕೋಣೆಯಲ್ಲಿ ಒಂದು ಗಂಟೆಯ ಬಳಿಕ ಕವಚದ ಅತಿ ಬಿಸಿಯಾದ ಜಾಗದಲ್ಲಿ 66 ಡಿಗ್ರಿ ತೋರಿಸಿತು. ಮುಟ್ಟಿದರೆ ಕೈ ಚುರುಕ್ ಎನ್ನುವಷ್ಟು ಬಿಸಿ. "ಬಿಸಿಯಾಗುವುದೇ ಇಲ್ಲ" ಎಂದು ಬರೆಯುವ ಚಾರ್ಜರ್‌ಗಳನ್ನು ನಾವೂ ನೋಡಿದ್ದೇವೆ, ಅವುಗಳಲ್ಲಿ ಕಳೆದ ಶಕ್ತಿ ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ತಿಳಿಯಲಿಲ್ಲ. ಗಾಳಿಯಾಡದ ಜಾಗದಲ್ಲಿಟ್ಟು ಒಳಗಿನ ಶಾಖ ಮಿತಿ ಮೀರಿದರೆ ಇದು ತಾನಾಗಿಯೇ 45 ವ್ಯಾಟ್‌ಗೆ ಇಳಿಯುತ್ತದೆ. ದಿಂಬಿನ ಕೆಳಗೆ, ಬಟ್ಟೆಯ ಮೇಲೆ ಇಡಬೇಡಿ.

ಚಾರ್ಜರ್‌ಗೆ ಐಇಸಿ 62368-1 ಪ್ರಕಾರದ ಸುರಕ್ಷತಾ ಪರೀಕ್ಷಾ ವರದಿ ಇದೆ. ಕವಚದ ಮೇಲೆ ಚೌಕದೊಳಗೊಂದು ಚೌಕದ ಗುರುತು ಇರುವುದು ಎರಡು ಪದರದ ವಿದ್ಯುತ್ ನಿರೋಧನವನ್ನು ಸೂಚಿಸುತ್ತದೆ. ಅರ್ಥ್ ಪಿನ್ ಇಲ್ಲದಿರುವುದು ಆ ಕಾರಣಕ್ಕೆ. ಸಿಇ ಗುರುತಿಗೆ ಮೇಲೆ ಹೇಳಿದ ಮಾತೇ ಅನ್ವಯಿಸುತ್ತದೆ. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆಯಾದ ಎಫ್‌ಸಿಸಿಯ ಗುರುತು ಕೂಡ ಇದೆ, ಅದು ರೇಡಿಯೊ ತರಂಗಗಳಿಗೆ ಅಡಚಣೆ ಮಾಡದಿರುವ ಬಗ್ಗೆ, ಶಾಕ್ ಅಥವಾ ಬೆಂಕಿಯ ಬಗ್ಗೆ ಅಲ್ಲ.

ಪವರ್ ಬ್ಯಾಂಕಿನ ಪೆಟ್ಟಿಗೆಯಲ್ಲಿ 30 ಸೆಂಟಿಮೀಟರ್‌ನ ಒಂದು ಟೈಪ್-ಸಿ ಕೇಬಲ್ ಇದೆ, ಚಾರ್ಜರ್ ಇಲ್ಲ. ಎರಡೂ ವಸ್ತುಗಳಿಗೆ ಒಂದು ವರ್ಷದ ವಾರಂಟಿ ಇದೆ. ನೀರು ಬಿದ್ದದ್ದು ಮತ್ತು ಬಿಚ್ಚಿ ನೋಡಿದ್ದು ಇದರಲ್ಲಿ ಸೇರುವುದಿಲ್ಲ. ನಿಮ್ಮ ಬಳಿ ಯುಎಸ್‌ಬಿ ಮೀಟರ್ ಇದ್ದು, 5 ವೋಲ್ಟ್ 2 ಆಂಪಿಯರ್‌ನಲ್ಲಿ ಅಳೆದಾಗ ಹೊಸ ಪವರ್ ಬ್ಯಾಂಕ್ 6,000 ಎಂಎಎಚ್‌ಗಿಂತ ಕಡಿಮೆ ತೋರಿಸಿದರೆ, ಮೀಟರ್‌ನ ಚಿತ್ರದೊಂದಿಗೆ 30 ದಿನಗಳೊಳಗೆ ಬರೆಯಿರಿ. ಬದಲಿ ವಸ್ತು ಬೇಕೋ ಪೂರ್ತಿ ಹಣ ಬೇಕೋ ಎಂಬ ಆಯ್ಕೆ ನಿಮ್ಮದು, ವಾಪಸ್ ಕಳುಹಿಸುವ ಖರ್ಚು ನಮ್ಮದು.