ರುಚಿ ಪುಸ್ತಕದಲ್ಲಿ ನಾನು ಬರೆದದ್ದು

ಎಲ್ಲರಿಗೂ ನಮಸ್ಕಾರ.

ಮಂಜಣ್ಣ, ಮೈಕ್ ಬೇಡ ಬಿಡು. ಈ ತಗಡಿನ ಮಾಡಿನ ಮೇಲೆ ಮಳೆ ಶುರುವಾದರೆ ಮೈಕಿದ್ದರೂ ಕೇಳಿಸುವುದಿಲ್ಲ. ಅದಕ್ಕೇ ಮಳೆಗಿಂತ ಮೊದಲು ಮುಗಿಸುತ್ತೇನೆ. ಮುಂದೆ ಕೂತಿರುವ ಎಂಟನೇ ಕ್ಲಾಸಿನವರ ಮುಖ ನೋಡಿದರೆ ಗೊತ್ತಾಗುತ್ತದೆ, ಹೋಳಿಗೆ ವಾಸನೆ ಅಲ್ಲಿಗೂ ತಲುಪಿದೆ.

ನನ್ನ ಬೀಳ್ಕೊಡುಗೆಗೆ ಅಂತ ಎಸ್‌ಡಿಎಂಸಿ ಅಧ್ಯಕ್ಷರು, ಊರಿನ ಹಿರಿಯರು, ಹಳೇ ವಿದ್ಯಾರ್ಥಿಗಳು ಎಲ್ಲರೂ ಮಾತಾಡಿದಿರಿ. ಹೊಗಳಿದ್ದು ಸ್ವಲ್ಪ ಜಾಸ್ತಿಯೇ ಆಯಿತು. ಖುಷಿಯಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ನೀವು ನನ್ನ ಹೆಸರಿಗೆ ಬರೆದ ಕೆಲಸದಲ್ಲಿ ಮುಕ್ಕಾಲು ಪಾಲು ಬೇರೆಯವರದು. ಯಾರದು ಯಾವುದು ಅಂತ ಇವತ್ತಾದರೂ ಹೇಳಿಬಿಡಬೇಕು.

2016ರ ಜೂನ್‌ನಲ್ಲಿ ನಾನು ಇಲ್ಲಿಗೆ ಬಂದೆ. ಬಡ್ತಿ ಸಿಕ್ಕಿದ ಹುರುಪು, ಹೊಸ ಸೀರೆ. ಬಸ್ಸಿಳಿದು ಗೇಟಿಗೆ ಬರುವಷ್ಟರಲ್ಲಿ ಗಾಳಿಗೆ ಛತ್ರಿ ಮಗುಚಿ ಪೂರ್ತಿ ತೊಯ್ದುಹೋಗಿದ್ದೆ. ಜಗಲಿಯಲ್ಲಿದ್ದ ಮಂಜಣ್ಣ ನನ್ನನ್ನು ನೋಡಿ, "ಅಡ್ಮಿಷನ್‌ಗೆ ಬಂದ್ರಾ? ಎಚ್.ಎಂ. ಇನ್ನೂ ಬಂದಿಲ್ಲ. ಹೊಸಬರಂತೆ, ಕೂತ್ಕೊಳಿ" ಅಂದ. ಒಂದು ಟವೆಲ್ ಕೊಟ್ಟ, ಬಿಸಿನೀರು ಕೊಟ್ಟ. ನಾನೇ ಎಚ್.ಎಂ. ಅಂದ ಮೇಲೆ ಒಂದು ವಾರ ಎದುರಿಗೇ ಬರಲಿಲ್ಲ! ಮಂಜಣ್ಣ, ಯಾರೋ ಮಗುವಿನ ತಾಯಿ ಅಂದುಕೊಂಡಾಗಲೂ ಟವೆಲ್ ಕೊಟ್ಟೆಯಲ್ಲ, ಅದನ್ನು ನೋಡಿಯೇ ಈ ಶಾಲೆಯಲ್ಲಿ ಧೈರ್ಯವಾಗಿ ಇರಬಹುದು ಅನ್ನಿಸಿತ್ತು.

ಮಳೆಗಾಲದಲ್ಲಿ ಎಲ್ಲಿ ಸೋರುತ್ತದೆ ಅಂತ ನನಗಿಂತ ಅವನಿಗೆ ಗೊತ್ತು. ಒಂಬತ್ತನೇ ಕ್ಲಾಸಿನ ಮೂಲೆಗೆ ಒಂದು ಬಕೀಟು, ಆಫೀಸಿನ ಬೀರುವಿನ ಪಕ್ಕ ಇನ್ನೊಂದು. ಮೋಡ ಕಟ್ಟಿದ್ದು ನೋಡಿಯೇ ಇಟ್ಟುಬಿಡುತ್ತಾನೆ. ನಮ್ಮ ದಾಖಲಾತಿ ಪುಸ್ತಕಗಳು ಇವತ್ತಿಗೂ ಒಣಗಿರುವುದು ಆ ಬಕೀಟಿನಿಂದ.

ಈಗ ಅಡುಗೆಮನೆ. ಲಕ್ಷ್ಮಕ್ಕ, ಗಿರಿಜಾ, ಸುಮಿತ್ರಾ, ಮೂರೂ ಜನ ಬಾಗಿಲ ಹತ್ತಿರ ನಿಲ್ಲಬೇಡಿ, ಒಳಗೆ ಬನ್ನಿ. ಒಲೆ ಆರಿಸಿ ಬಂದಿರಲ್ವಾ?

ಬಿಸಿಯೂಟ ಬಡಿಸುವ ಮೊದಲು ನಾವು ರುಚಿ ನೋಡಬೇಕು, ನೋಡಿ ಪುಸ್ತಕದಲ್ಲಿ ಬರೆಯಬೇಕು. ಅದು ನಿಯಮ. ಒಂಬತ್ತು ವರ್ಷ ಹೆಚ್ಚು ಕಡಿಮೆ ದಿನಾ "ಚೆನ್ನಾಗಿದೆ" ಅಂತ ಬರೆದೆ. ಸುಳ್ಳು ಬರೆಯಲಿಲ್ಲ, ಚೆನ್ನಾಗಿಯೇ ಇತ್ತು. ಒಂದೇ ಒಂದು ದಿನ "ಸಾಂಬಾರಿಗೆ ಉಪ್ಪು ಜಾಸ್ತಿ, ಗಮನವಿರಲಿ" ಅಂತ ಬರೆದು, ಕೆಂಪು ಶಾಯಿಯಲ್ಲಿ ಗೆರೆಯನ್ನೂ ಎಳೆದೆ. ಲಕ್ಷ್ಮಕ್ಕ ಏನೂ ಅನ್ನಲಿಲ್ಲ. ಇನ್ನಷ್ಟು ಬೇಳೆ ಬೇಯಿಸಿ ಹಾಕಿ ಸರಿಮಾಡಿದಳು. ಹಿಂದಿನ ರಾತ್ರಿಯೆಲ್ಲ ಮಗನನ್ನು ಆಸ್ಪತ್ರೆಯಲ್ಲಿಟ್ಟುಕೊಂಡು ಕೂತಿದ್ದವಳು, ಬೆಳಗಿನ ಮೊದಲ ಬಸ್ಸಿಗೆ ಸೀದಾ ಒಲೆಯ ಮುಂದೆ ಬಂದಿದ್ದಳು ಅಂತ ನನಗೆ ಗೊತ್ತಾಗಿದ್ದು ನಾಲ್ಕು ದಿನ ಕಳೆದ ಮೇಲೆ. ಅದೂ ಗಿರಿಜಾ ಹೇಳಿದ್ದರಿಂದ. ಯಾಕೆ ಬಂದೆ, ರಜೆ ಹಾಕಬಹುದಿತ್ತಲ್ಲ ಅಂದರೆ, "ನೂರೆಂಬತ್ತು ಮಕ್ಳಿಗೆ ಇಬ್ರೇ ಹೆಂಗ್ ಮಾಡ್ತಾರೆ ಮೇಡಂ" ಅಂದಳು. ಆ ಕೆಂಪು ಗೆರೆ ಪುಸ್ತಕದಲ್ಲಿ ಹಾಗೇ ಇದೆ, ಅಳಿಸುವ ಹಾಗಿಲ್ಲ. ಲಕ್ಷ್ಮಕ್ಕ, ಅವತ್ತು ಕೇಳಬೇಕಿತ್ತು, ಕೇಳಲಿಲ್ಲ. ಎಲ್ಲರ ಎದುರಿಗೆ ಈಗ ಕೇಳುತ್ತಿದ್ದೇನೆ, ತಪ್ಪಾಯಿತು.

ಬೆಳಗ್ಗೆ ಹಾಲಿನ ಪುಡಿ ಗಂಟಾಗದ ಹಾಗೆ ಕದಡುವುದು, ಕೈ ಸುಡುತ್ತಿದ್ದರೂ ರಾಶಿ ಮೊಟ್ಟೆ ಸುಲಿಯುವುದು, ಆಮೇಲೆ ಆ ದೊಡ್ಡ ಪಾತ್ರೆಗಳನ್ನು ಉಜ್ಜುವುದು. ಇದಕ್ಕೆ ಸಿಗುವ ಸಂಭಾವನೆ ಎಷ್ಟು ಅಂತ ಇಲ್ಲಿ ಹೇಳುವುದಿಲ್ಲ, ಹೇಳಿದರೆ ನಮಗೇ ನಾಚಿಕೆ. ನಾನೂ ಗಣಿತ ಎಂ.ಎಸ್ಸಿ. ಓದಿ ಕೊನೆಗೆ ಅಂಗಡಿಯಲ್ಲಿ ಮೊಟ್ಟೆಗೆ ಐವತ್ತು ಪೈಸೆ ಚೌಕಾಸಿ ಮಾಡುವುದರಲ್ಲಿ ಪಳಗಿದೆ, ಅದು ಬೇರೆ ಕತೆ.

ಪ್ರಕಾಶ್, ನೀವು ನಗಬೇಡಿ. ಸಂಬಳದ ಬಿಲ್ಲು, ಸ್ಯಾಟ್ಸ್, ಸೈಕಲ್ ಲೆಕ್ಕ, ಎಲ್ಲಾ ನಿಮ್ಮದೇ. ನೀವು ಪೆನ್ಸಿಲ್‌ನಲ್ಲಿ ಚುಕ್ಕಿ ಇಟ್ಟ ಕಡೆ ನಾನು ಸಹಿ ಹಾಕಿದೆ.

ಶಿಕ್ಷಕರ ಬಗ್ಗೆ ಹೇಳಲು ಹೊರಟರೆ ಹೋಳಿಗೆ ಆರಿಹೋಗುತ್ತದೆ. ಒಂದು ದಿನದ್ದು ಮಾತ್ರ ಹೇಳುತ್ತೇನೆ. 2020, ಜೂನ್ 25. ಕೊರೋನಾ ನಡುವೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಹಿಂದಿನ ಸಂಜೆ ಸುಜಾತಾ ಟೀಚರ್ ಅಂಗಳದಲ್ಲಿ ಸುಣ್ಣದ ಪುಡಿ ಹಿಡಿದು ಮಕ್ಕಳು ನಿಲ್ಲಲು ವೃತ್ತ ಬರೆದರು. ರಾತ್ರಿ ಮಳೆಗೆ ಎಲ್ಲಾ ತೊಳೆದುಹೋಯಿತು. ಬೆಳಗ್ಗೆ ಆರಕ್ಕೆ ಬಂದು ಮತ್ತೆ ಬರೆದರು. ನಾಗರಾಜ್ ಮೇಷ್ಟ್ರಿಗೆ ಒಬ್ಬಳು ಹುಡುಗಿ ಬಂದಿಲ್ಲ ಅಂತ ಗೊತ್ತಾಯಿತು. ಅವಳ ಮನೆ ಹಳ್ಳದ ಆಚೆ, ಫೋನು ಹತ್ತುವುದಿಲ್ಲ. ಮೇಷ್ಟ್ರು ಬೈಕು ಈಚೆ ದಡದಲ್ಲಿ ನಿಲ್ಲಿಸಿ, ಕಾಲುಸಂಕ ದಾಟಿ ಹೋಗಿ, ಅವಳನ್ನೂ ಅವಳ ಅಪ್ಪನನ್ನೂ ಕರೆದುಕೊಂಡು ಬಂದರು. ಮಂಡಿವರೆಗೆ ಕೆಸರು, ಮುಖದ ಮೇಲೆ ಮಾತ್ರ ಮಾಸ್ಕ್ ಸರಿಯಾಗಿತ್ತು. ಆ ವರ್ಷದ ಫಲಿತಾಂಶಕ್ಕೆ ಹಾರ ಹಾಕಿಸಿಕೊಂಡವಳು ನಾನು. ಆ ಹುಡುಗಿ ಈಗ ನರ್ಸಿಂಗ್ ಮುಗಿಸಿ ಅಲ್ಲಿ ಹಿಂದೆ ಕೂತಿದ್ದಾಳೆ. ಕೈ ಎತ್ತಬೇಡ ಮಗಳೇ, ನೋಡಿದೆ.

ಶ್ವೇತಾ, ನೀವು ಅತಿಥಿ ಶಿಕ್ಷಕಿ ಅಂತ ಕಾಗದದಲ್ಲಿದೆ. ನಾಲ್ಕು ವರ್ಷದಿಂದ ಇರುವವರನ್ನು ಯಾವ ಮನೆಯಲ್ಲಿ ಅತಿಥಿ ಅಂತಾರೋ ನನಗೆ ಗೊತ್ತಿಲ್ಲ. ಗೌರವಧನ ತಿಂಗಳುಗಟ್ಟಲೆ ತಡವಾದಾಗಲೂ ನಿಮ್ಮ ವಿಜ್ಞಾನದ ಪೀರಿಯಡ್ ಒಂದೂ ಖಾಲಿ ಹೋಗಲಿಲ್ಲ. ನಿಮ್ಮ ಪರವಾಗಿ ನಾನು ಬರೆದ ಪತ್ರಗಳ ಪ್ರತಿಗಳು ಫೈಲಿನಲ್ಲಿವೆ. ಫಲ ಕೊಡಲಿಲ್ಲ, ಅದೊಂದು ಕೊರಗು ನನಗೆ ಉಳಿಯುತ್ತದೆ.

ನಿಮ್ಮಲ್ಲಿ ಕೆಲವರಿಗೆ ನಾನು ಜೋರು ಮಾಡಿದ್ದೇನೆ. ಹತ್ತು ನಿಮಿಷ ತಡವಾಗಿದ್ದಕ್ಕೆ ಹಾಜರಿ ಪುಸ್ತಕ ಒಳಗಿಟ್ಟುಕೊಂಡದ್ದೂ ಇದೆ. ಅರ್ಧ ಸಲ ನಾನು ಸರಿ ಇದ್ದೆ. ಇನ್ನರ್ಧಕ್ಕೆ ಕ್ಷಮೆ ಇರಲಿ.

ಸುಜಾತಾ ಟೀಚರ್, ನಿನ್ನೆ ಚಾರ್ಜ್ ಪಟ್ಟಿಗೆ ಸಹಿಯಾಯಿತು. ಗ್ಲೋಬಿನಿಂದ ಗಡಿಯಾರದವರೆಗೆ ಎಲ್ಲಾ ಲೆಕ್ಕ ಸರಿ ಇದೆ. ಪಟ್ಟಿಯಲ್ಲಿ ಇಲ್ಲದ್ದು ಎರಡು ಹೇಳಬೇಕು. ಆಫೀಸಿನ ಬೀರು ತೆಗೆಯುವಾಗ ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಕೀ ತಿರುಗಿಸಿ, ಇಲ್ಲದಿದ್ದರೆ ಮಂಜಣ್ಣನೇ ಬರಬೇಕು. ಮತ್ತೆ, ಹತ್ತನೇ ಕ್ಲಾಸಿನಲ್ಲಿ ಇಬ್ಬರು ಬೆಳಗ್ಗೆ ಏನೂ ತಿನ್ನದೆ ಬರುತ್ತಾರೆ. ಹೆಸರು ಲಕ್ಷ್ಮಕ್ಕನಿಗೆ ಗೊತ್ತು, ಅವಳನ್ನು ಮಾತ್ರ ಕೇಳಿ.

ಅಗೋ, ಮಳೆ ಬಂತು. ಇವತ್ತಿನ ರುಚಿ ಪುಸ್ತಕಕ್ಕೆ ನಾನಿನ್ನೂ ಸಹಿ ಹಾಕಿಲ್ಲ. ಗಿರಿಜಾ, ಒಂದು ಹೋಳಿಗೆ ತಾ, ತುಪ್ಪ ಹಾಕಿ. ಮಂಜಣ್ಣ, ಇನ್ನು ಊಟದ ಬೆಲ್ ಹೊಡಿ.