ಸಪ್ತಪದಿ: ನೀವು ಕೇಳುವ ಮಂತ್ರದ ನೇರ ಅರ್ಥ
(ಮಂಟಪದಲ್ಲಿ ಅತಿಥಿಗಳಿಗೆ ಕೊಡುವ ಹಾಳೆ)

ಮಾಂಗಲ್ಯಧಾರಣೆ, ಲಾಜಾಹೋಮ ಮುಗಿದ ಮೇಲೆ ಸಪ್ತಪದಿ. ಇಡೀ ವಿಧಿಗೆ ಹತ್ತು ನಿಮಿಷವೂ ಬೇಕಾಗುವುದಿಲ್ಲ. ಅಕ್ಷತೆ ಹಾಕಿ ಆಯಿತೆಂದು ಊಟಕ್ಕೆ ಏಳುವವರು ದಯವಿಟ್ಟು ಅಷ್ಟು ಹೊತ್ತು ಕುಳಿತಿರಿ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮಿನ ಪ್ರಕಾರವೂ ಸಪ್ತಪದಿ ಇರುವ ಮದುವೆ ಪೂರ್ಣವಾಗುವುದು ಏಳನೇ ಹೆಜ್ಜೆಯಲ್ಲೇ.

ಅಗ್ನಿಯ ಉತ್ತರಕ್ಕೆ ಏಳು ಕಡೆ ಅಕ್ಕಿಯ ಸಣ್ಣ ಗುಡ್ಡೆ ಇಟ್ಟಿರುತ್ತಾರೆ. ವರ ಕೈ ಹಿಡಿದು ವಧುವನ್ನು ಈಶಾನ್ಯದತ್ತ ನಡೆಸುತ್ತಾನೆ. ಅವಳು ಬಲಗಾಲನ್ನು ಮುಂದಿಟ್ಟು ಒಂದೊಂದೇ ಗುಡ್ಡೆ ತುಳಿಯುತ್ತಾಳೆ. ಇಲ್ಲಿ ನಡೆಯುವುದು ಋಗ್ವೇದದ ಆಶ್ವಲಾಯನ ಕ್ರಮ. ಪುರೋಹಿತರು ಹೇಳಿಕೊಡುತ್ತಾರೆ, ವರ ಹೇಳುತ್ತಾನೆ. ವಧು ಈ ಹೊತ್ತಿನಲ್ಲಿ ಮಾತನಾಡುವುದಿಲ್ಲ. ಹಾಗಾಗಿ ‘ಇಬ್ಬರೂ ಪರಸ್ಪರ ಕೊಡುವ ಏಳು ವಚನ’ ಎಂದು ಓಡಾಡುವ ಪಟ್ಟಿಗಳು ಎಷ್ಟೇ ಚೆನ್ನಾಗಿದ್ದರೂ ಈ ಮಂತ್ರದ ಅನುವಾದವಲ್ಲ. ಮಂತ್ರದಲ್ಲಿ ಇರುವುದು ಇಷ್ಟು:

ಇಷ ಏಕಪದೀ ಭವ
ಅನ್ನಕ್ಕಾಗಿ ಒಂದು ಹೆಜ್ಜೆ ಇಟ್ಟವಳಾಗು.

ಊರ್ಜೇ ದ್ವಿಪದೀ ಭವ
ಕಸುವಿಗಾಗಿ ಎರಡು ಹೆಜ್ಜೆ ಇಟ್ಟವಳಾಗು. ‘ಊರ್ಜ’ ಎಂದರೆ ಉಂಡ ಅನ್ನ ಮೈಗೆ ಕೊಡುವ ಸತ್ವ.

ರಾಯಸ್ಪೋಷಾಯ ತ್ರಿಪದೀ ಭವ
ಸಂಪತ್ತಿನ ಬೆಳವಣಿಗೆಗಾಗಿ ಮೂರು ಹೆಜ್ಜೆ ಇಟ್ಟವಳಾಗು.

ಮಾಯೋಭವ್ಯಾಯ ಚತುಷ್ಪದೀ ಭವ
ಸುಖಕ್ಕಾಗಿ ನಾಲ್ಕು ಹೆಜ್ಜೆ ಇಟ್ಟವಳಾಗು. ಕಿವಿಗೆ ‘ಮಾಯೆ’ ಎಂದು ಬಿದ್ದರೂ ಮಾಯೆಗೂ ಇದಕ್ಕೂ ಸಂಬಂಧವಿಲ್ಲ. ಮೂಲ ‘ಮಯಸ್’, ಅಂದರೆ ನೆಮ್ಮದಿ, ಸುಖ.

ಪ್ರಜಾಭ್ಯಃ ಪಂಚಪದೀ ಭವ
ಸಂತಾನಕ್ಕಾಗಿ ಐದು ಹೆಜ್ಜೆ ಇಟ್ಟವಳಾಗು.

ಋತುಭ್ಯಃ ಷಟ್ಪದೀ ಭವ
ಋತುಗಳಿಗಾಗಿ ಆರು ಹೆಜ್ಜೆ ಇಟ್ಟವಳಾಗು. ಮಂತ್ರ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ, ನಾವೂ ಸೇರಿಸಿಲ್ಲ.

ಸಖಾ ಸಪ್ತಪದೀ ಭವ
ಏಳು ಹೆಜ್ಜೆ ಇಟ್ಟ ಸಖನಾಗು.

ಕೊನೆಯದರಲ್ಲಿ ಮಾತಿನ ಜಾಡೇ ಬದಲಾಗುತ್ತದೆ. ಆರು ಹೆಜ್ಜೆವರೆಗೆ ‘ಇದಕ್ಕಾಗಿ, ಅದಕ್ಕಾಗಿ’ ಎಂಬ ಚತುರ್ಥೀ ವಿಭಕ್ತಿ. ಏಳನೆಯದಕ್ಕೆ ಯಾವ ಫಲವೂ ಇಲ್ಲ, ಬರೀ ಸ್ನೇಹ. ಹೆಣ್ಣಿಗೆ ಹೇಳುವ ಮಾತಾದರೂ ಮಂತ್ರ ‘ಸಖೀ’ ಎನ್ನದೆ ಪುಲ್ಲಿಂಗದ ‘ಸಖಾ’ ಎನ್ನುತ್ತದೆ. ‘ಗೆಳತಿಯಾಗು’ ಎಂದರೆ ಕನ್ನಡಕ್ಕೆ ಹಿತ, ಆದರೆ ಮೂಲದಲ್ಲಿರುವ ಪದವನ್ನೇ ಇಲ್ಲಿ ಉಳಿಸಿದ್ದೇವೆ.

ಪ್ರತಿ ಹೆಜ್ಜೆಯ ಹಿಂದೆಯೂ ಒಂದು ಪಲ್ಲವಿ ಬರುತ್ತದೆ. ಒಟ್ಟು ಏಳು ಸಲ ಕೇಳುತ್ತೀರಿ:

ಸಾ ಮಾಮನುವ್ರತಾ ಭವ | ಪುತ್ರಾನ್ ವಿಂದಾವಹೈ ಬಹೂನ್ | ತೇ ಸಂತು ಜರದಷ್ಟಯಃ
ಅಂಥವಳು ನನ್ನ ವ್ರತವನ್ನು ಅನುಸರಿಸುವವಳಾಗು. ನಾವಿಬ್ಬರೂ ಬಹಳ ಪುತ್ರರನ್ನು ಪಡೆಯೋಣ. ಅವರು ಮುಪ್ಪಿನವರೆಗೆ ಬಾಳಲಿ.

‘ಅನುವ್ರತಾ’ ಎಂಬುದನ್ನು ‘ಪರಸ್ಪರ ಅನುಸರಿಸೋಣ’ ಎಂದು ಮೆದುಗೊಳಿಸುವುದುಂಟು. ಮೂಲದಲ್ಲಿ ಮಾತು ಒಂದೇ ದಿಕ್ಕಿನದು. ‘ಪುತ್ರಾನ್’ ಕೂಡ ಇದ್ದ ಹಾಗೆಯೇ ಇದೆ. ‘ವಿಂದಾವಹೈ’ ಮಾತ್ರ ದ್ವಿವಚನ. ಕನ್ನಡದಲ್ಲಿ ದ್ವಿವಚನ ಇಲ್ಲದ್ದರಿಂದ ‘ನಾವಿಬ್ಬರೂ’ ಎಂದು ಬಿಡಿಸಿ ಬರೆಯಬೇಕಾಯಿತು.

ಮಂತ್ರ ಬೇಗ ಓಡಿದರೆ ಅಂಕಿಯನ್ನು ಹಿಡಿಯಿರಿ: ಏಕ, ದ್ವಿ, ತ್ರಿ, ಚತುಃ, ಪಂಚ, ಷಟ್, ಸಪ್ತ. ಯಾವ ಹೆಜ್ಜೆ ಎಂದು ಗೊತ್ತಾಗುತ್ತದೆ. ಕೃಷ್ಣಯಜುರ್ವೇದದ ಆಪಸ್ತಂಬ ಕ್ರಮದ ಮನೆಯವರಿಗೆ ‘ಏಕಮಿಷೇ ವಿಷ್ಣುಸ್ತ್ವಾಽನ್ವೇತು’ (ಅನ್ನಕ್ಕಾಗಿ ಒಂದು, ವಿಷ್ಣು ನಿನ್ನನ್ನು ಹಿಂಬಾಲಿಸಲಿ) ರೂಢಿ. ಅಲ್ಲಿ ಮೂರನೆಯದು ವ್ರತಕ್ಕೆ, ಐದನೆಯದು ಪಶುಗಳಿಗೆ. ಇಲ್ಲಿ ಬೇರೆ ಕೇಳಿದರೆ ಪುರೋಹಿತರು ತಪ್ಪಿದರು ಎಂದುಕೊಳ್ಳಬೇಡಿ, ಶಾಖೆ ಬೇರೆ ಅಷ್ಟೇ.

ಒಂದೆರಡು ಕೋರಿಕೆ. ಅಗ್ನಿಯ ಈಶಾನ್ಯಕ್ಕೆ ನಡೆಯುವ ದಾರಿಯಲ್ಲಿ ಯಾರೂ ನಿಲ್ಲಬೇಡಿ. ಅಲ್ಲಿ ಜನ ಸೇರಿದರೆ ವಧುವಿಗೆ ಗುಡ್ಡೆ ಕಾಣದೆ ಒಂದನ್ನು ದಾಟಿಬಿಡುತ್ತಾಳೆ, ಮಂತ್ರದ ಲೆಕ್ಕ ಹೆಜ್ಜೆಗೆ ಹೊಂದುವುದಿಲ್ಲ. ಫೋಟೋ ಚೆನ್ನಾಗಿ ಬರಲಿಲ್ಲವೆಂದು ಇಟ್ಟ ಹೆಜ್ಜೆಯನ್ನು ಮತ್ತೆ ಇಡಿಸಬೇಡಿ. ವಾದ್ಯದವರಿಗೆ ಏಳನೇ ಹೆಜ್ಜೆವರೆಗೆ ನಿಲ್ಲಿಸಲು ಹೇಳಿದ್ದೇವೆ.

ಏಳು ಮುಗಿದೊಡನೆ ಇಬ್ಬರ ತಲೆಗಳನ್ನು ಹತ್ತಿರ ತಂದು ಕಲಶದ ನೀರು ಚಿಮುಕಿಸುತ್ತಾರೆ. ಸಂಜೆ ನಕ್ಷತ್ರ ಮೂಡಿದ ಮೇಲೆ ಧ್ರುವ, ಅರುಂಧತಿ, ಸಪ್ತರ್ಷಿಗಳನ್ನು ತೋರಿಸಿದಾಗ ವಧು ತನ್ನ ಬಾಯಿಂದಲೇ ಹೇಳುವ ಮಾತು ಬರುತ್ತದೆ. ಇರುವವರು ಹೊರಗೆ ಬಂದು ಕೇಳಬಹುದು:

ಜೀವಪತ್ನೀ ಪ್ರಜಾಂ ವಿಂದೇಯ
ಗಂಡ ಬದುಕಿರುವವಳಾಗಿ ನಾನು ಸಂತಾನ ಪಡೆಯುವಂತಾಗಲಿ.