ಅಂತಿಮ ವರ್ಷದ ಪ್ರಾಜೆಕ್ಟ್‌ಗಾಗಿ ರಸಾಯನಶಾಸ್ತ್ರ ಪ್ರಯೋಗಾಲಯ ಬಳಸಲು ಅನುಮತಿ ಕೋರಿ ಮನವಿ

ತುಮಕೂರು
ದಿನಾಂಕ: 12 ಫೆಬ್ರುವರಿ 2026

ಇವರಿಗೆ,
ವಿಭಾಗದ ಮುಖ್ಯಸ್ಥರು
ರಸಾಯನಶಾಸ್ತ್ರ ವಿಭಾಗ

ಮೂಲಕ: ಡಾ. ಸವಿತಾ ಕೆ. ಎನ್., ಪ್ರಾಜೆಕ್ಟ್ ಗೈಡ್, ಮತ್ತು ಮುಖ್ಯಸ್ಥರು, ಸಿವಿಲ್ ಇಂಜಿನಿಯರಿಂಗ್ ವಿಭಾಗ

ವಿಷಯ: ಫೆಬ್ರುವರಿ 24ರಿಂದ ಏಪ್ರಿಲ್ 4ರವರೆಗೆ ಮಫಲ್ ಫರ್ನೇಸ್, ಶೇಕರ್ ಮತ್ತು ಫ್ಲೋರೈಡ್ ಎಲೆಕ್ಟ್ರೋಡ್ ಬಳಸಲು ಅನುಮತಿ

ಮಾನ್ಯರೇ,

ನಾವು ನಾಲ್ವರು ಸಿವಿಲ್ ವಿಭಾಗದ ಎಂಟನೇ ಸೆಮಿಸ್ಟರ್ ವಿದ್ಯಾರ್ಥಿಗಳು. ಅಡಿಕೆ ಸಿಪ್ಪೆಯ ಇದ್ದಿಲಿಗೆ ಅಲ್ಯೂಮಿನಿಯಂ ಲೇಪಿಸಿ, ಅದರಿಂದ ಕೊಳವೆಬಾವಿ ನೀರಿನ ಫ್ಲೋರೈಡ್ ಎಷ್ಟು ಇಳಿಯುತ್ತದೆ ಎಂದು ನೋಡುವುದು ನಮ್ಮ ಪ್ರಾಜೆಕ್ಟ್. ಪಾವಗಡ ತಾಲ್ಲೂಕಿನ ಎರಡು ಕೊಳವೆಬಾವಿಗಳ ನೀರನ್ನು ತಂದಿದ್ದೇವೆ. ಫೀಲ್ಡ್ ಕಿಟ್ ಪ್ರಕಾರ ಒಂದರಲ್ಲಿ ಲೀಟರಿಗೆ ಸುಮಾರು 2.5 ಮಿ.ಗ್ರಾಂ, ಇನ್ನೊಂದರಲ್ಲಿ ಸುಮಾರು 3 ಮಿ.ಗ್ರಾಂ ಫ್ಲೋರೈಡ್ ಇದೆ. ಐಎಸ್ 10500:2012ರ ಪ್ರಕಾರ ಕುಡಿಯುವ ನೀರಿನಲ್ಲಿ 1 ಮಿ.ಗ್ರಾಂ ಇರಬಹುದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಕಿಟ್‌ನ ಬಣ್ಣ ನೋಡಿ ವರದಿ ಬರೆಯಲಾಗದು. ನಮ್ಮ ಪರಿಸರ ಲ್ಯಾಬಿನಲ್ಲಿ ಎಲೆಕ್ಟ್ರೋಡ್ ಆಗಲಿ ಫ್ಯೂಮ್ ಹುಡ್ ಆಗಲಿ ಇಲ್ಲದ ಕಾರಣ ತಮ್ಮಲ್ಲಿಗೆ ಬಂದಿದ್ದೇವೆ.

ನಮ್ಮಲ್ಲಿ ಸ್ಪೆಕ್ಟ್ರೋಫೋಟೋಮೀಟರ್ ಇದೆ, ಎಸ್‌ಪಿಎಡಿಎನ್‌ಎಸ್ ವಿಧಾನ ಸಾಕಲ್ಲವೇ ಎಂಬ ಪ್ರಶ್ನೆ ಬರಬಹುದು. ನಮ್ಮ ಇದ್ದಿಲಿನಿಂದ ಅಲ್ಯೂಮಿನಿಯಂ ಒಂದಿಷ್ಟು ನೀರಿಗೆ ಬಿಟ್ಟುಕೊಳ್ಳುತ್ತದೆ. ಆ ವಿಧಾನದಲ್ಲಿ ಅಲ್ಯೂಮಿನಿಯಂ ಫ್ಲೋರೈಡನ್ನು ಹಿಡಿದಿಟ್ಟುಕೊಂಡು ಅಳತೆ ಕಡಿಮೆ ತೋರಿಸುತ್ತದೆ. ಇದ್ದಿಲು ಚೆನ್ನಾಗಿ ಕೆಲಸ ಮಾಡಿದಂತೆ ಸುಳ್ಳು ಫಲಿತಾಂಶ ಬರುತ್ತದೆ. ಎಲೆಕ್ಟ್ರೋಡ್ ಜೊತೆ ಸಿಡಿಟಿಎ ಇರುವ ಬಫರ್ ಬಳಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಬೇಕಾಗುವ ಸಮಯ

ಪ್ರಥಮ ವರ್ಷದ ಬ್ಯಾಚ್‌ಗಳು ಮುಗಿದ ಮೇಲೆ, ಮಂಗಳವಾರ ಮತ್ತು ಗುರುವಾರ ಸಂಜೆ 4.30ರಿಂದ 7, ಶನಿವಾರ ಬೆಳಿಗ್ಗೆ 9.30ರಿಂದ ಸಂಜೆ 4.30. ಮಾರ್ಚ್ 14ರ ಎರಡನೇ ಶನಿವಾರ ಮತ್ತು ಮಾರ್ಚ್ 19ರ ಯುಗಾದಿಯಂದು ಬರುವುದಿಲ್ಲ.

ಫರ್ನೇಸ್ ಬೇಕಿರುವುದು ನಾಲ್ಕೇ ಸಂಜೆ: ಫೆಬ್ರುವರಿ 24, 26 ಮತ್ತು ಮಾರ್ಚ್ 3, 5. ಪ್ರತಿ ಸಲ 80 ಗ್ರಾಂ ಒಣ ಸಿಪ್ಪೆಯನ್ನು ಮುಚ್ಚಳವಿರುವ ಕ್ರೂಸಿಬಲ್‌ಗಳಲ್ಲಿ ಇಟ್ಟು 500 ಡಿಗ್ರಿಯಲ್ಲಿ ಒಂದು ಗಂಟೆ ಸುಡುತ್ತೇವೆ. ನಿಮಿಷಕ್ಕೆ 10 ಡಿಗ್ರಿಯಂತೆ ಏರಿಸಿದರೆ 6.30ರ ಹೊತ್ತಿಗೆ ಸ್ವಿಚ್ ಆಫ್ ಆಗುತ್ತದೆ. ಆದರೆ ಅದೇ ಸಂಜೆ ಬಾಗಿಲು ತೆರೆಯುವಂತಿಲ್ಲ. ಬಿಸಿ ಇದ್ದಿಲಿಗೆ ಗಾಳಿ ತಗುಲಿದರೆ ಕೆಂಡವಾಗಿ ಬೂದಿಯಾಗುತ್ತದೆ, ತೆರೆದವರ ಮುಖಕ್ಕೂ ಅಪಾಯ. ಆದ್ದರಿಂದ ಕ್ರೂಸಿಬಲ್ ತೆಗೆಯಲು ಮರುದಿನ ಬೆಳಿಗ್ಗೆ 8.45ಕ್ಕೆ ಹತ್ತು ನಿಮಿಷ ಒಳಬಿಡಬೇಕೆಂದು ಕೋರುತ್ತೇವೆ. ಸುಡುವಾಗ ಹೊಗೆ ಮತ್ತು ಟಾರ್ ವಾಸನೆ ಬರುತ್ತದೆ. ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ ಮಾತ್ರ ಫರ್ನೇಸ್ ಹಚ್ಚುತ್ತೇವೆ. ನಡುವೆ ಕರೆಂಟ್ ಹೋದರೆ ಮೇನ್ ಸ್ವಿಚ್ ಆಫ್ ಮಾಡಿ ಆ ದಿನದ ಕೆಲಸ ಕೈಬಿಡುತ್ತೇವೆ. ಮತ್ತೆ ಕಾಯಿಸಿದ ಇದ್ದಿಲು ಉಳಿದದ್ದಕ್ಕೆ ಹೊಂದುವುದಿಲ್ಲ.

ಶೇಕರ್‌ನಲ್ಲಿ ಒಮ್ಮೆಗೆ 12 ಬಾಟಲಿ ಹಿಡಿಯುತ್ತವೆ. ಇದ್ದಿಲಿನ ಪ್ರಮಾಣ, ಪಿಎಚ್, ಸಮಯ, ಫ್ಲೋರೈಡ್ ಸಾಂದ್ರತೆ ಎಲ್ಲ ಸೇರಿ 22 ಸ್ಥಿತಿಗಳು, ಪ್ರತಿಯೊಂದಕ್ಕೂ ಮೂರು ಬಾಟಲಿ, ಒಟ್ಟು 66. ಬ್ಯಾಚಿಗೆ 11 ಬಾಟಲಿ ಮತ್ತು ಇದ್ದಿಲು ಹಾಕದ ಒಂದು ಬ್ಲ್ಯಾಂಕ್‌ನಂತೆ ಆರು ಬ್ಯಾಚ್‌ಗಳನ್ನು ಮಾರ್ಚ್ 7, 21 ಮತ್ತು 28ರ ಶನಿವಾರಗಳಲ್ಲಿ ಮುಗಿಸುತ್ತೇವೆ. ಸೋಸಿದ ನೀರಿನ ರೀಡಿಂಗ್ ಮಂಗಳವಾರ, ಗುರುವಾರ. ಏಪ್ರಿಲ್ 4 ಪಾವಗಡದ ನೀರಿಗೆ.

ಎಲೆಕ್ಟ್ರೋಡ್ ದುಬಾರಿ ಎಂದು ಗೊತ್ತು. ಅದರ ತುದಿಯ ಹರಳನ್ನು ಟಿಶ್ಯೂನಿಂದ ಒತ್ತುವುದಷ್ಟೆ, ಉಜ್ಜುವುದಿಲ್ಲ. ದಿನದ ಆರಂಭದಲ್ಲಿ 0.1, 1 ಮತ್ತು 10 ಮಿ.ಗ್ರಾಂ ಸ್ಟ್ಯಾಂಡರ್ಡ್‌ಗಳಲ್ಲಿ ಪರೀಕ್ಷಿಸುತ್ತೇವೆ. ಸಾಂದ್ರತೆ ಹತ್ತು ಪಟ್ಟು ಏರಿದಾಗ ರೀಡಿಂಗ್ 54ರಿಂದ 60 ಮಿಲಿವೋಲ್ಟ್ ಇಳಿಯದಿದ್ದರೆ ಅಂದು ಅಳೆಯದೆ ಇನ್‌ಸ್ಟ್ರಕ್ಟರ್‌ಗೆ ತಿಳಿಸುತ್ತೇವೆ.

ರಾಸಾಯನಿಕಗಳು ಮತ್ತು ಸುರಕ್ಷತೆ

ಇಡೀ ಕೆಲಸಕ್ಕೆ ಸೋಡಿಯಂ ಫ್ಲೋರೈಡ್ ಅರ್ಧ ಗ್ರಾಂಗೂ ಕಡಿಮೆ ಸಾಕು: ಒಂದು ಲೀಟರಿಗೆ 221 ಮಿ.ಗ್ರಾಂ ಕರಗಿಸಿದರೆ 100 ಮಿ.ಗ್ರಾಂ/ಲೀ. ಫ್ಲೋರೈಡ್ ದ್ರಾವಣ ಸಿಗುತ್ತದೆ. ಇಷ್ಟಕ್ಕಾಗಿ ಹೊಸ ಬಾಟಲಿ ಕೊಳ್ಳುವ ಬದಲು ತಮ್ಮ ಸ್ಟಾಕಿನಿಂದ ತೂಗಿಸಿಕೊಡಬೇಕೆಂದು ವಿನಂತಿ. ಇದು ವಿಷ, ಪುಡಿಯನ್ನು ಕೈಗವಸು, ಕನ್ನಡಕ ಹಾಕಿ ಇನ್‌ಸ್ಟ್ರಕ್ಟರ್ ಎದುರಿನಲ್ಲೇ ತೂಗುತ್ತೇವೆ. ಪುಡಿಗಾಗಲಿ ಗಟ್ಟಿ ದ್ರಾವಣಕ್ಕಾಗಲಿ ಆಮ್ಲ ಸೇರಿದರೆ ಹೈಡ್ರೋಜನ್ ಫ್ಲೋರೈಡ್ ಹುಟ್ಟುವುದರಿಂದ ಎರಡನ್ನೂ ಒಂದೇ ಮೇಜಿನ ಮೇಲೆ ಇಡುವುದಿಲ್ಲ. ಪಿಎಚ್ ಹೊಂದಿಸುವುದು ತೆಳು ದ್ರಾವಣದಲ್ಲಿ ಮಾತ್ರ, 4ಕ್ಕಿಂತ ಕೆಳಗೆ ಇಳಿಸುವುದಿಲ್ಲ. ಫ್ಲೋರೈಡ್ ಗಾಜಿಗೆ ಅಂಟುವುದರಿಂದ ಎಲ್ಲವೂ ಪ್ಲಾಸ್ಟಿಕ್ ಬಾಟಲಿಯಲ್ಲಿ. ಪಿಪೆಟ್‌ಗೆ ರಬ್ಬರ್ ಬಲ್ಬ್ ಕಡ್ಡಾಯ, ಬಾಯಿಂದ ಎಳೆಯುವುದಿಲ್ಲ.

ನಿಜವಾಗಿ ಹೆಚ್ಚು ಎಚ್ಚರ ಬೇಕಿರುವುದು ಬಫರ್ ಮಾಡುವಾಗ. ನಾಲ್ಕು ಲೀಟರಿಗೆ 228 ಮಿ.ಲೀ. ಗ್ಲೇಸಿಯಲ್ ಅಸಿಟಿಕ್ ಆಮ್ಲ, 232 ಗ್ರಾಂ ಉಪ್ಪು, 16 ಗ್ರಾಂ ಸಿಡಿಟಿಎ, ಜೊತೆಗೆ ಪಿಎಚ್ 5ರಿಂದ 5.5ಕ್ಕೆ ತರಲು ಸುಮಾರು ಅರ್ಧ ಲೀಟರ್ 6 ನಾರ್ಮಲ್ ಕಾಸ್ಟಿಕ್ ದ್ರಾವಣ ಬೇಕು. ಆಮ್ಲ ಬೆಂಕಿ ಹಿಡಿಯುವಂಥದ್ದು, ಆವಿ ಕಣ್ಣು ಉರಿಸುತ್ತದೆ. ಕಾಸ್ಟಿಕ್ ಸುರಿದಾಗ ದ್ರಾವಣ ಕುದಿಯುವಷ್ಟು ಬಿಸಿಯಾಗಬಹುದು. ಒಂದೊಂದೇ ಲೀಟರ್ ಮಾಡುತ್ತೇವೆ: ಫ್ಯೂಮ್ ಹುಡ್‌ನಲ್ಲಿ, ನೀರಿಗೆ ಆಮ್ಲ ಹಾಕಿ, ಬೀಕರನ್ನು ತಣ್ಣೀರಿನ ಟ್ರೇಯಲ್ಲಿಟ್ಟು, ಕಾಸ್ಟಿಕ್ ಸ್ವಲ್ಪ ಸ್ವಲ್ಪವೇ ಬಿಡುತ್ತಾ. ಹತ್ತಿರದಲ್ಲಿ ಬರ್ನರ್ ಉರಿಯುವಂತಿಲ್ಲ. ಸಿಡಿಟಿಎ ಖರ್ಚು ನಮ್ಮ ಪ್ರಾಜೆಕ್ಟ್ ಹಣದಿಂದ.

ಲ್ಯಾಬಿನಲ್ಲಿ ಯಾವಾಗಲೂ ಕನಿಷ್ಠ ಇಬ್ಬರು ಇರುತ್ತೇವೆ. ಕಾಟನ್ ಕೋಟ್, ಮುಚ್ಚಿದ ಶೂ ಇಲ್ಲದವರು ಒಳಗೆ ಬರುವುದಿಲ್ಲ. ಐ ವಾಶ್, ಮರಳಿನ ಬಕೆಟ್, ಬೆಂಕಿ ಆರಿಸುವ ಸಿಲಿಂಡರ್ ಇರುವ ಜಾಗ ನೋಡಿಕೊಂಡಿದ್ದೇವೆ. ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್‌ನ ಅವಧಿ ಮುಗಿದಿದೆ. ನಮ್ಮ ಪ್ರಮಾಣಕ್ಕೆ ಅದು ಬೇಕಾಗುವ ಸಂಭವ ಕಡಿಮೆಯಾದರೂ ಹೊಸದೊಂದು ತಂದಿಡುತ್ತೇವೆ.

ಉಳಿದ ದ್ರಾವಣವನ್ನು ಸಿಂಕಿಗೆ ಸುರಿಯದೆ ಲೇಬಲ್ ಹಚ್ಚಿದ 10 ಲೀಟರ್ ಕ್ಯಾನ್‌ನಲ್ಲಿ ತುಂಬುತ್ತೇವೆ. ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ ಉಪಾಯ ಗಟ್ಟಿ ದ್ರಾವಣಕ್ಕೆ ಸರಿ. ಲೀಟರಿಗೆ 10 ಮಿ.ಗ್ರಾಂ ಒಳಗಿನ ನಮ್ಮ ತೆಳು ನೀರಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಸಾರ್ವಜನಿಕ ಒಳಚರಂಡಿಗೆ ಮಿತಿ 15 ಮಿ.ಗ್ರಾಂ. ಆದರೂ ಪಿಎಚ್ ತಟಸ್ಥಗೊಳಿಸಿ, ಅಳೆದು, ತಮ್ಮ ಒಪ್ಪಿಗೆಯ ಮೇಲೆಯೇ ಬಿಡುತ್ತೇವೆ. ಬಳಸಿದ ಇದ್ದಿಲು ಗಿಡಗಳಿಗೆ ಹಾಕುವಂಥದ್ದಲ್ಲ. ಚೀಲದಲ್ಲಿ ಕಟ್ಟಿ ವಿಭಾಗದ ಅಪಾಯಕಾರಿ ತ್ಯಾಜ್ಯದ ಡಬ್ಬಕ್ಕೆ ಕೊಡುತ್ತೇವೆ.

ಗಾಜಿನ ಸಾಮಾನು ಒಡೆದರೆ ನಾಲ್ವರೂ ಸೇರಿ ಭರಿಸುತ್ತೇವೆ. ಕೀ ರಿಜಿಸ್ಟರ್‌ನಲ್ಲಿ ಬಂದ, ಹೋದ ಸಮಯ ಬರೆದು, ಅಟೆಂಡರ್‌ಗೆ ಬೀಗ ಒಪ್ಪಿಸಿಯೇ ಹೊರಡುತ್ತೇವೆ. ಫೆಬ್ರುವರಿ 20ರೊಳಗೆ ತಮ್ಮ ಆದೇಶ ಸಿಕ್ಕರೆ ಮೊದಲ ಫರ್ನೇಸ್ ದಿನ ತಪ್ಪುವುದಿಲ್ಲ.

ವಂದನೆಗಳೊಂದಿಗೆ,
ತಮ್ಮ ವಿಧೇಯ ವಿದ್ಯಾರ್ಥಿಗಳು

ಚೈತ್ರಾ ಎಚ್. (ತಂಡದ ಪ್ರತಿನಿಧಿ)
ಮಂಜುನಾಥ ಟಿ.
ಸುಹೇಲ್ ಅಹಮದ್
ಪೂರ್ಣಿಮಾ ಬಿ.

ಗೈಡ್ ಅವರ ಒಪ್ಪಿಗೆ

ಮೇಲಿನ ವಿಧಾನ, ಪ್ರಮಾಣಗಳನ್ನು ಪರಿಶೀಲಿಸಿದ್ದೇನೆ, ಒಪ್ಪಿಗೆ ಇದೆ. ಷರತ್ತುಗಳು: ಬಫರ್ ಮಾಡುವ ದಿನ ಮತ್ತು ನಾಲ್ಕೂ ಫರ್ನೇಸ್ ಸಂಜೆ ನಾನು ಲ್ಯಾಬಿನಲ್ಲೇ ಇರುತ್ತೇನೆ; ನಾನು ರಜೆಯಾದರೆ ಆ ಕೆಲಸ ಮುಂದಕ್ಕೆ ಹೋಗಬೇಕು. ಬೇರೆ ಸಂಜೆಗಳಲ್ಲಿ 7ರವರೆಗೆ ನನ್ನ ಕೊಠಡಿಯಲ್ಲಿ ಸಿಗುತ್ತೇನೆ. ಇಲ್ಲಿ ಬರೆಯದ ಯಾವುದೇ ರಾಸಾಯನಿಕವನ್ನು ನನ್ನ ಸಹಿ ಇಲ್ಲದೆ ವಿದ್ಯಾರ್ಥಿಗಳಿಗೆ ಕೊಡಬಾರದೆಂದು ಕೋರುತ್ತೇನೆ.

ಡಾ. ಸವಿತಾ ಕೆ. ಎನ್.
ಸಹಾಯಕ ಪ್ರಾಧ್ಯಾಪಕರು, ಸಿವಿಲ್ ಇಂಜಿನಿಯರಿಂಗ್ ವಿಭಾಗ
12.02.2026

ಶಿಫಾರಸಿನೊಂದಿಗೆ ರವಾನಿಸಲಾಗಿದೆ.
ಮುಖ್ಯಸ್ಥರು, ಸಿವಿಲ್ ಇಂಜಿನಿಯರಿಂಗ್ ವಿಭಾಗ

ಲಗತ್ತುಗಳು: ಪ್ರಾಜೆಕ್ಟ್ ಸಾರಾಂಶ, ಸೋಡಿಯಂ ಫ್ಲೋರೈಡ್, ಅಸಿಟಿಕ್ ಆಮ್ಲ, ಕಾಸ್ಟಿಕ್ ಸೋಡಾ ಮತ್ತು ಅಲ್ಯೂಮಿನಿಯಂ ಸಲ್ಫೇಟ್‌ನ ಸುರಕ್ಷತಾ ಮಾಹಿತಿ ಹಾಳೆಗಳು, ನಾಲ್ವರ ಗುರುತಿನ ಚೀಟಿ ಪ್ರತಿ.